ರೊಟ್ಟಿ, ಕಾಳುಪಲ್ಯ, ಶೇಂಗಾ ಹಿಂಡಿ: ಒಂದೇ ಊಟದ ಜಾಡಿನಲ್ಲಿ ಜೀರ್ಣಾಂಗ ವ್ಯೂಹದ ಪ್ರಶ್ನೋತ್ತರ

ಧಾರವಾಡದ ಸಪ್ತಾಪುರದ ಸುತ್ತಮುತ್ತ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಅಭ್ಯರ್ಥಿಗಳ ಉತ್ತರಗಳನ್ನು ಹಲವು ವರ್ಷ ತಿದ್ದಿದ ಮೇಲೆ ನನಗೆ ಒಂದು ಸಂಗತಿ ಖಚಿತವಾಗಿದೆ. ಕಿಣ್ವಗಳ ಹೆಸರು ಎಲ್ಲರಿಗೂ ಬಾಯಿಪಾಠವಾಗಿರುತ್ತದೆ. ಆದರೆ ಯಾವ ಕಿಣ್ವ ಎಲ್ಲಿ ತಯಾರಾಗುತ್ತದೆ, ಎಲ್ಲಿ ಕೆಲಸ ಮಾಡುತ್ತದೆ, ಯಾವುದರ ಮೇಲೆ ಕೆಲಸ ಮಾಡಿ ಏನನ್ನು ಉಳಿಸುತ್ತದೆ ಎಂಬ ನಾಲ್ಕು ಸಂಗತಿಗಳು ಒಂದರೊಳಗೊಂದು ಕಲಸಿಹೋಗಿರುತ್ತವೆ. ಅಂಕ ಹೋಗುವುದು ಅಲ್ಲಿಯೇ. ಆದ್ದರಿಂದ ಈ ಪ್ರಶ್ನೋತ್ತರವನ್ನು ಅಂಗಗಳ ಪಟ್ಟಿಯಾಗಿ ಜೋಡಿಸದೆ, ನಮ್ಮ ಭಾಗದ ಒಂದು ಮಧ್ಯಾಹ್ನದ ಊಟದ ಜಾಡಿನಲ್ಲಿ ಜೋಡಿಸಿದ್ದೇನೆ. ತಟ್ಟೆಯಲ್ಲಿ ಜೋಳದ ರೊಟ್ಟಿ ಇದೆ, ಅದು ಮುಖ್ಯವಾಗಿ ಪಿಷ್ಟ. ಹೆಸರುಕಾಳಿನ ಪಲ್ಯವಿದೆ, ಅದರಲ್ಲಿ ಪ್ರೋಟೀನ್ ಇದೆ. ಕುಸುಬಿ ಎಣ್ಣೆ ಹಾಕಿ ಕಲಸಿದ ಶೇಂಗಾ ಹಿಂಡಿ ಇದೆ, ಅದರಲ್ಲಿ ಕೊಬ್ಬು ಹೆಚ್ಚು. ಈ ಮೂರೂ ಒಂದೇ ತುತ್ತಿನಲ್ಲಿ ಬಾಯಿಗೆ ಹೋದರೂ ಮೂರರ ಜೀರ್ಣಕ್ರಿಯೆ ಬೇರೆ ಬೇರೆ ಜಾಗದಲ್ಲಿ ಆರಂಭವಾಗುತ್ತದೆ.

ಪ್ರತಿ ಪ್ರಶ್ನೆಯ ಕೆಳಗಿನ ಉತ್ತರವನ್ನು ಮುಚ್ಚಿಕೊಂಡು, ಮೊದಲು ನಿಮ್ಮ ಉತ್ತರವನ್ನು ಬರೆದು, ಆಮೇಲೆ ಹೋಲಿಸಿ ನೋಡಿ. ಹೋಲಿಸುವಾಗ ಮೇಲೆ ಹೇಳಿದ ನಾಲ್ಕು ಸಂಗತಿಗಳಲ್ಲಿ ಯಾವುದು ಬಿಟ್ಟುಹೋಗಿದೆ ಎಂಬುದನ್ನು ಮಾತ್ರ ಕೆಂಪು ಪೆನ್ನಿನಲ್ಲಿ ಗುರುತಿಸಿಕೊಂಡರೆ ಸಾಕು.

ಹಂತ 1: ಮೊದಲು ದಾರಿಯನ್ನೂ ದಾರಿಯ ಬದಿಯ ಗ್ರಂಥಿಗಳನ್ನೂ ಬೇರ್ಪಡಿಸಿ

ಒಂದು ಹಾಳೆಯಲ್ಲಿ ಮೇಲಿನಿಂದ ಕೆಳಕ್ಕೆ ಉದ್ದವಾದ ಗೆರೆ ಎಳೆದು, ಅದರ ಮೇಲೆ ಬಾಯಿ, ಗಂಟಲು, ಅನ್ನನಾಳ, ಜಠರ, ಸಣ್ಣ ಕರುಳು, ದೊಡ್ಡ ಕರುಳು, ಗುದದ್ವಾರ ಎಂದು ಕ್ರಮವಾಗಿ ಬರೆಯಿರಿ. ಲಾಲಾಗ್ರಂಥಿ, ಯಕೃತ್ತು, ಪಿತ್ತಕೋಶ ಮತ್ತು ಮೇದೋಜೀರಕ ಗ್ರಂಥಿಗಳನ್ನು ಗೆರೆಯ ಪಕ್ಕದಲ್ಲಿ ಬರೆದು, ಅಲ್ಲಿಂದ ಗೆರೆಗೆ ಬಾಣ ಹಾಕಿ.

ಪ್ರಶ್ನೆ 1. ಆಹಾರವು ಯಕೃತ್ತಿನ ಮೂಲಕ ಹಾದುಹೋಗುತ್ತದೆಯೇ?

ಉತ್ತರ: ಇಲ್ಲ. ಯಕೃತ್ತು, ಪಿತ್ತಕೋಶ ಮತ್ತು ಮೇದೋಜೀರಕ ಗ್ರಂಥಿ ಇವು ಸಹಾಯಕ ಅಂಗಗಳು. ಇವುಗಳ ರಸವು ನಾಳದ ಮೂಲಕ ಸಣ್ಣ ಕರುಳಿನ ಮೊದಲ ಭಾಗವಾದ ಡಿಯೋಡಿನಮ್‌ಗೆ ಬರುತ್ತದೆಯೇ ಹೊರತು ಆಹಾರವು ಇವುಗಳೊಳಗೆ ಹೋಗುವುದಿಲ್ಲ. ಆದರೆ ಜೀರ್ಣವಾಗಿ ರಕ್ತಕ್ಕೆ ಸೇರಿದ ಗ್ಲೂಕೋಸ್ ಮತ್ತು ಅಮೈನೋ ಆಮ್ಲಗಳು ರಕ್ತದ ಮೂಲಕ ಯಕೃತ್ತಿಗೆ ಹೋಗುತ್ತವೆ. ಈ ವ್ಯತ್ಯಾಸವನ್ನು ಹಂತ 5ರಲ್ಲಿ ಮತ್ತೆ ನೋಡುತ್ತೇವೆ.

ಪ್ರಶ್ನೆ 2. ಅನ್ನನಾಳ ಮತ್ತು ಜೀರ್ಣನಾಳ ಒಂದೇ ಆಗಿವೆಯೇ?

ಉತ್ತರ: ಅಲ್ಲ. ಜೀರ್ಣನಾಳವೆಂದರೆ ಬಾಯಿಯಿಂದ ಗುದದ್ವಾರದವರೆಗಿನ ಇಡೀ ಕೊಳವೆ. ಕೆಲವು ಪುಸ್ತಕಗಳು ಇದನ್ನೇ ಆಹಾರನಾಳವೆಂದು ಕರೆಯುತ್ತವೆ. ಅನ್ನನಾಳವೆಂದರೆ ಗಂಟಲಿನಿಂದ ಜಠರದವರೆಗಿನ, ವಯಸ್ಕರಲ್ಲಿ ಸುಮಾರು 25 ಸೆಂಟಿಮೀಟರ್ ಉದ್ದದ ಒಂದು ಭಾಗ ಮಾತ್ರ. ಅನ್ನನಾಳದಲ್ಲಿ ಯಾವ ಜೀರ್ಣರಸವೂ ತಯಾರಾಗುವುದಿಲ್ಲ. ಅಲ್ಲಿ ಲೋಳೆ ಸ್ರವಿಸುತ್ತದೆ ಮತ್ತು ಗೋಡೆಯ ಸ್ನಾಯುಗಳು ಅಲೆಯಂತೆ ಸಂಕುಚಿಸಿ ತುತ್ತನ್ನು ಕೆಳಕ್ಕೆ ತಳ್ಳುತ್ತವೆ. ಈ ಚಲನೆಗೆ ಪೆರಿಸ್ಟಾಲ್ಸಿಸ್ ಎಂದು ಹೆಸರು. ಮಲಗಿ ನೀರು ಕುಡಿದರೂ ಅದು ಜಠರವನ್ನು ಸೇರುವುದಕ್ಕೆ ಇದೇ ಕಾರಣ.

ಇದೇ ಬಗೆಯ ಇನ್ನೊಂದು ಗೊಂದಲವೆಂದರೆ ಪಿತ್ತಜನಕಾಂಗ ಮತ್ತು ಪಿತ್ತಕೋಶ. ಪಿತ್ತಜನಕಾಂಗವೆಂದರೆ ಯಕೃತ್ತು. ಹೆಸರೇ ಹೇಳುವಂತೆ ಅದು ಪಿತ್ತವನ್ನು ಹುಟ್ಟಿಸುವ ಅಂಗ. ಪಿತ್ತಕೋಶವು ಅದನ್ನು ಕೂಡಿಡುವ ಚೀಲ. ‘ಪಿತ್ತರಸವನ್ನು ಉತ್ಪಾದಿಸುವ ಅಂಗ ಯಾವುದು’ ಎಂದು ಕೇಳಿದಾಗ ಪಿತ್ತಕೋಶಕ್ಕೆ ಗುರುತು ಹಾಕುವವರು ಪ್ರತಿ ಪರೀಕ್ಷೆಯಲ್ಲೂ ಇರುತ್ತಾರೆ.

ಹಂತ 2: ರೊಟ್ಟಿಯ ಜಾಡು

ಪ್ರಶ್ನೆ 3. ಪಿಷ್ಟದ ಜೀರ್ಣಕ್ರಿಯೆ ಎಲ್ಲಿ ಆರಂಭವಾಗುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿ ಮುಗಿಯುತ್ತದೆ?

ಉತ್ತರ: ಬಾಯಿಯಲ್ಲಿ ಆರಂಭವಾಗುತ್ತದೆ. ಲಾಲಾರಸದಲ್ಲಿರುವ ಅಮೈಲೇಸ್ ಕಿಣ್ವವು ಪಿಷ್ಟವನ್ನು ಮಾಲ್ಟೋಸ್ ಎಂಬ ಸಕ್ಕರೆಯಾಗಿ ಒಡೆಯುತ್ತದೆ. ಇದೇ ಕಿಣ್ವಕ್ಕೆ ಟಯಲಿನ್ ಎಂಬ ಹಳೆಯ ಹೆಸರೂ ಇದೆ. ರೊಟ್ಟಿಯ ತುಣುಕನ್ನು ಬರಿದಾಗಿ ಬಹಳ ಹೊತ್ತು ಅಗಿದರೆ ಸ್ವಲ್ಪ ಸಿಹಿ ಎನಿಸುವುದು ಇದರಿಂದಲೇ. ಲಾಲಾರಸದ ಪಿಹೆಚ್ ಸುಮಾರು 6.8, ಅಂದರೆ ಹೆಚ್ಚುಕಡಿಮೆ ತಟಸ್ಥ. ಈ ಕಿಣ್ವಕ್ಕೆ ಅಂಥ ಸ್ಥಿತಿಯೇ ಬೇಕು. ಜಠರಕ್ಕೆ ಇಳಿದು ಅಲ್ಲಿನ ಪ್ರಬಲ ಆಮ್ಲದೊಂದಿಗೆ ಬೆರೆತಾಗ ಅದರ ಕೆಲಸ ನಿಂತುಹೋಗುತ್ತದೆ. ಉಳಿದ ಪಿಷ್ಟವನ್ನು ಸಣ್ಣ ಕರುಳಿನಲ್ಲಿ ಮೇದೋಜೀರಕ ರಸದ ಅಮೈಲೇಸ್ ಒಡೆಯುತ್ತದೆ. ಕೊನೆಗೆ ಸಣ್ಣ ಕರುಳಿನ ಗೋಡೆಯ ಮಾಲ್ಟೇಸ್ ಕಿಣ್ವವು ಮಾಲ್ಟೋಸನ್ನು ಗ್ಲೂಕೋಸ್ ಆಗಿಸುತ್ತದೆ.

ಈ ಉತ್ತರದಲ್ಲಿ ಅಭ್ಯರ್ಥಿಗಳು ತಪ್ಪುವುದು ಕೊನೆಯ ಪದದಲ್ಲಿ. ಬಾಯಿಯಲ್ಲಿ ಪಿಷ್ಟವು ಗ್ಲೂಕೋಸ್ ಆಗುತ್ತದೆ ಎಂದು ಬರೆಯಬಾರದು. ಅಲ್ಲಿ ಮಾಲ್ಟೋಸ್, ಕರುಳಿನಲ್ಲಿ ಗ್ಲೂಕೋಸ್.

ಪ್ರಶ್ನೆ 4. ಎರಡು ಪ್ರನಾಳಗಳಲ್ಲಿ ತಲಾ 1 ಮಿಲಿಲೀಟರ್‌ನಷ್ಟು ಶೇಕಡಾ 1ರ ಪಿಷ್ಟದ ದ್ರಾವಣವಿದೆ. ಮೊದಲನೆಯದಕ್ಕೆ ಮಾತ್ರ 1 ಮಿಲಿಲೀಟರ್ ಲಾಲಾರಸ ಸೇರಿಸಿ, ಎರಡನ್ನೂ 20ರಿಂದ 30 ನಿಮಿಷ ಅಲುಗಾಡಿಸದೆ ಇಟ್ಟು, ಬಳಿಕ ಕೆಲವು ಹನಿ ದುರ್ಬಲ ಅಯೋಡಿನ್ ದ್ರಾವಣವನ್ನು ಹಾಕಿದರೆ ಏನು ಕಾಣುತ್ತದೆ?

ಉತ್ತರ: ಎರಡನೆಯ ಪ್ರನಾಳ ನೀಲಿ-ಕಪ್ಪಾಗುತ್ತದೆ, ಏಕೆಂದರೆ ಅದರಲ್ಲಿ ಪಿಷ್ಟ ಹಾಗೆಯೇ ಇದೆ. ಮೊದಲನೆಯದರಲ್ಲಿ ನೀಲಿ ಬಣ್ಣ ಬರುವುದಿಲ್ಲ, ಏಕೆಂದರೆ ಅಮೈಲೇಸ್ ಪಿಷ್ಟವನ್ನು ಒಡೆದಿದೆ.

ಇದು 10ನೇ ತರಗತಿಯ ವಿಜ್ಞಾನದ ಚಟುವಟಿಕೆ. ಇದನ್ನು ಓದಿ ಬಿಡುವ ಬದಲು ಕೊಠಡಿಯಲ್ಲಿಯೇ ಒಮ್ಮೆ ಮಾಡಿ ನೋಡಿ. ಪಿಷ್ಟದ ದ್ರಾವಣದ ಬದಲು ಅನ್ನದ ಗಂಜಿಯನ್ನು ನೀರು ಬೆರೆಸಿ ಸೋಸಿಕೊಳ್ಳಬಹುದು. ಔಷಧ ಅಂಗಡಿಯಲ್ಲಿ ಗಾಯಕ್ಕೆ ಕೊಡುವ ಅಯೋಡಿನ್ ದ್ರಾವಣವನ್ನು ತಿಳಿ ಚಹಾದ ಬಣ್ಣ ಬರುವವರೆಗೆ ನೀರಿನಲ್ಲಿ ತೆಳುಗೊಳಿಸಿದರೆ ಸಾಕು. ಮಾಡುವಾಗ ಅನೇಕರಿಗೆ ಮೊದಲನೆಯ ಲೋಟದಲ್ಲೂ ನೀಲಿ ಬಣ್ಣ ಬರುತ್ತದೆ. ಆಗ ಪಾಠ ತಪ್ಪೆಂದು ತಿಳಿಯದೆ ಮೂರು ಕಾರಣಗಳನ್ನು ಹುಡುಕಬೇಕು. ಗಂಜಿ ಬಿಸಿಯಿದ್ದಾಗಲೇ ಲಾಲಾರಸ ಬೆರೆಸಿದ್ದರೆ ಶಾಖಕ್ಕೆ ಕಿಣ್ವವು ಕೆಟ್ಟಿರುತ್ತದೆ. ಗಂಜಿ ತೀರ ಗಟ್ಟಿಯಿದ್ದರೆ ಇದ್ದ ಕಿಣ್ವಕ್ಕೆ ಪಿಷ್ಟ ಹೆಚ್ಚಾಗಿರುತ್ತದೆ. ಐದು ನಿಮಿಷಕ್ಕೇ ಅಯೋಡಿನ್ ಹಾಕಿದ್ದರೆ ಸಮಯ ಸಾಲದಾಗಿರುತ್ತದೆ. ನೀಲಿಯ ಬದಲು ಕೆಂಗಂದು ಬಣ್ಣ ಬಂದರೆ ಪಿಷ್ಟ ಅರ್ಧ ಒಡೆದಿದೆ ಎಂದರ್ಥ.

ಪ್ರಶ್ನೆ 5. ಮೇಲಿನ ಪ್ರಯೋಗದಲ್ಲಿ ಲಾಲಾರಸವನ್ನು ಮೊದಲೇ ಕುದಿಸಿದ್ದರೆ ಏನಾಗುತ್ತಿತ್ತು? ಹೆಚ್ಚಾಗಿ ವಿನೆಗರ್ ಬೆರೆಸಿದ್ದರೆ?

ಉತ್ತರ: ಎರಡೂ ಸಂದರ್ಭದಲ್ಲಿ ಪಿಷ್ಟ ಉಳಿದು, ಅಯೋಡಿನ್ ಹಾಕಿದಾಗ ನೀಲಿ-ಕಪ್ಪು ಬಣ್ಣ ಬರುತ್ತದೆ. ಕಿಣ್ವವು ಸ್ವತಃ ಪ್ರೋಟೀನ್. ಕುದಿಸಿದಾಗ ಅದರ ಆಕಾರ ಮರಳಿ ಬಾರದಂತೆ ಕೆಡುತ್ತದೆ. ಆಮ್ಲ ಹೆಚ್ಚಾದರೂ ಅದು ಕೆಲಸ ಮಾಡಲಾರದು. ವಿನೆಗರ್ ಬೆರೆಸಿದ ಲೋಟದಲ್ಲಿ ನಡೆದದ್ದೇ ನಮ್ಮ ರೊಟ್ಟಿಗೆ ಜಠರದಲ್ಲಿ ನಡೆಯುತ್ತದೆ. ವಿಶ್ಲೇಷಣೆ ಕೇಳುವ ಪ್ರಶ್ನೆಗಳು ಬರುವುದು ಇಂಥ ಜಾಗದಿಂದಲೇ.

ಹಂತ 3: ಕಾಳುಪಲ್ಯದ ಜಾಡು

ಪ್ರಶ್ನೆ 6. ಪ್ರೋಟೀನಿನ ಜೀರ್ಣಕ್ರಿಯೆ ಎಲ್ಲಿ ಆರಂಭವಾಗುತ್ತದೆ? ಅಲ್ಲಿ ಹೈಡ್ರೋಕ್ಲೋರಿಕ್ ಆಮ್ಲದ ಪಾತ್ರವೇನು?

ಉತ್ತರ: ಜಠರದಲ್ಲಿ ಆರಂಭವಾಗುತ್ತದೆ. ಜಠರದ ಗ್ರಂಥಿಗಳು ಪೆಪ್ಸಿನೋಜೆನ್ ಎಂಬ ನಿಷ್ಕ್ರಿಯ ವಸ್ತುವನ್ನು ಸ್ರವಿಸುತ್ತವೆ. ಹೈಡ್ರೋಕ್ಲೋರಿಕ್ ಆಮ್ಲವು ಅದನ್ನು ಕ್ರಿಯಾಶೀಲವಾದ ಪೆಪ್ಸಿನ್ ಆಗಿ ಬದಲಾಯಿಸುತ್ತದೆ. ಪೆಪ್ಸಿನ್ ಕೆಲಸ ಮಾಡಲು ಬೇಕಾದ ಆಮ್ಲೀಯ ಸ್ಥಿತಿಯನ್ನು ಒದಗಿಸುವುದೂ ಅದೇ ಆಮ್ಲ. ಪೆಪ್ಸಿನ್‌ಗೆ ತಕ್ಕ ಈ ಪಿಹೆಚ್ 1.8 ಎಂದು ಹಳೆಯ ಪಿಯುಸಿ ಪುಸ್ತಕದಲ್ಲಿತ್ತು. ಆಹಾರದೊಂದಿಗೆ ಬಂದ ಬಹುಪಾಲು ರೋಗಾಣುಗಳನ್ನು ಈ ಆಮ್ಲವೇ ಕೊಲ್ಲುತ್ತದೆ.

ಹೈಡ್ರೋಕ್ಲೋರಿಕ್ ಆಮ್ಲವು ಪ್ರೋಟೀನನ್ನು ಜೀರ್ಣಿಸುತ್ತದೆ ಎಂಬ ವಾಕ್ಯ ಬಹುಪಾಲು ಉತ್ತರಗಳಲ್ಲಿ ಇರುತ್ತದೆ. ಆಮ್ಲವು ಪ್ರೋಟೀನಿನ ಮಡಿಕೆಗಳನ್ನು ಬಿಡಿಸಿ ದಾರಿ ಸುಲಭ ಮಾಡುವುದು ನಿಜ. ಆದರೆ ಅದನ್ನು ಕತ್ತರಿಸುವುದು ಪೆಪ್ಸಿನ್. ಜಠರದಲ್ಲಿ ದೊರೆಯುವುದು ಸಣ್ಣ ತುಂಡುಗಳಾದ ಪೆಪ್ಟೋನ್‌ಗಳು, ಅಮೈನೋ ಆಮ್ಲಗಳಲ್ಲ. ಸಣ್ಣ ಕರುಳಿನಲ್ಲಿ ಮೇದೋಜೀರಕ ರಸದ ಟ್ರಿಪ್ಸಿನ್ ಈ ತುಂಡುಗಳನ್ನು ಮತ್ತಷ್ಟು ಒಡೆಯುತ್ತದೆ. ಅಮೈನೋ ಆಮ್ಲದ ಮಟ್ಟಕ್ಕೆ ತರುವ ಕೆಲಸವನ್ನು ಕರುಳಿನ ಪೆಪ್ಟಿಡೇಸ್ ಕಿಣ್ವಗಳು ಮುಗಿಸುತ್ತವೆ.

ಪ್ರಶ್ನೆ 7. ಪೆಪ್ಸಿನ್ ಮತ್ತು ಟ್ರಿಪ್ಸಿನ್‌ಗಳು ನಿಷ್ಕ್ರಿಯ ರೂಪದಲ್ಲಿ ಏಕೆ ಸ್ರವಿಸಲ್ಪಡುತ್ತವೆ?

ಉತ್ತರ: ಇವು ಪ್ರೋಟೀನನ್ನು ಒಡೆಯುವ ಕಿಣ್ವಗಳು, ಮತ್ತು ಇವುಗಳನ್ನು ತಯಾರಿಸುವ ಜೀವಕೋಶಗಳಲ್ಲೂ ಪ್ರೋಟೀನ್ ಇದೆ. ತಯಾರಾಗುವಾಗಲೇ ಕ್ರಿಯಾಶೀಲವಾಗಿದ್ದರೆ ಗ್ರಂಥಿಯನ್ನೇ ಜೀರ್ಣಿಸಿಬಿಡುತ್ತವೆ. ಮೇದೋಜೀರಕ ಗ್ರಂಥಿಯ ತೀವ್ರ ಉರಿಯೂತದಲ್ಲಿ ನಡೆಯುವುದು ಇದೇ: ಕಿಣ್ವಗಳು ಕರುಳನ್ನು ತಲುಪುವ ಮೊದಲೇ ಗ್ರಂಥಿಯೊಳಗೆ ಕ್ರಿಯಾಶೀಲವಾಗುತ್ತವೆ. ಪೆಪ್ಸಿನೋಜೆನ್ ಅನ್ನು ಆಮ್ಲವು ಎಬ್ಬಿಸಿದರೆ, ಟ್ರಿಪ್ಸಿನೋಜೆನ್ ಅನ್ನು ಸಣ್ಣ ಕರುಳಿನ ಗೋಡೆಯ ಎಂಟರೋಕೈನೇಸ್ ಎಬ್ಬಿಸುತ್ತದೆ. ಈ ಜೋಡಿಗಳನ್ನು ಅದಲುಬದಲು ಮಾಡಿ ಹೊಂದಿಸಿ ಬರೆಯಿರಿ ಪ್ರಶ್ನೆಗಳಲ್ಲಿ ಕೊಡುತ್ತಾರೆ.

ಪ್ರಶ್ನೆ 8. ಅಷ್ಟು ಪ್ರಬಲ ಆಮ್ಲ ಜಠರದ ಗೋಡೆಯನ್ನು ಏಕೆ ಸುಡುವುದಿಲ್ಲ? ಜಠರದ ಹುಣ್ಣಿಗೆ ಖಾರದ ಊಟವೇ ಕಾರಣವೇ?

ಉತ್ತರ: ಗೋಡೆಯ ಒಳಮೈಯನ್ನು ಆವರಿಸಿದ ದಪ್ಪ ಲೋಳೆ ಮತ್ತು ಅದರಲ್ಲಿರುವ ಬೈಕಾರ್ಬೋನೇಟ್ ಆಮ್ಲವನ್ನು ತಡೆಯುತ್ತವೆ. ಹುಣ್ಣಿಗೆ ಮುಖ್ಯ ಕಾರಣಗಳು ಎರಡು: ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ, ಮತ್ತು ಕೆಲವು ನೋವುನಿವಾರಕ ಮಾತ್ರೆಗಳ ದೀರ್ಘ ಬಳಕೆ. ಹಿಂಡಿಯ ಖಾರ ಇದ್ದ ಹುಣ್ಣಿನ ಉರಿಯನ್ನು ಹೆಚ್ಚಿಸಬಹುದು, ಆದರೆ ಹುಣ್ಣನ್ನು ಹುಟ್ಟಿಸುವ ಮುಖ್ಯ ಕಾರಣ ಅದಲ್ಲ. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಈ ಬ್ಯಾಕ್ಟೀರಿಯಾದ ಪಾತ್ರವನ್ನು ತೋರಿಸಿದರು. ವೈದ್ಯರು ಒಪ್ಪದಿದ್ದಾಗ ಮಾರ್ಷಲ್ 1984ರಲ್ಲಿ ಬ್ಯಾಕ್ಟೀರಿಯಾ ಬೆಳೆದ ದ್ರಾವಣವನ್ನು ತಾವೇ ಕುಡಿದು ಜಠರದ ಉರಿಯೂತವನ್ನು ತಂದುಕೊಂಡರು. 2005ರ ವೈದ್ಯಕೀಯ ನೊಬೆಲ್ ಇಬ್ಬರಿಗೂ ಬಂದಿತು. ಇದೇ ಸರಣಿಯಲ್ಲಿ ನೆನಪಿಡಬೇಕಾದ ಇನ್ನೊಂದು ಹೆಸರು ರಷ್ಯಾದ ಇವಾನ್ ಪಾವ್ಲೋವ್. 1904ರ ನೊಬೆಲ್ ಅವರಿಗೆ ಬಂದದ್ದು ಜೀರ್ಣಕ್ರಿಯೆಯ ಅಧ್ಯಯನಕ್ಕೆ. ಗಂಟೆ ಮತ್ತು ನಾಯಿಯ ಕಥೆಯನ್ನು ಮಾತ್ರ ಓದಿದವರು ಶೈಕ್ಷಣಿಕ ಮನೋವಿಜ್ಞಾನದ ನೆನಪಿನಲ್ಲಿ ಇದಕ್ಕೆ ತಪ್ಪು ಉತ್ತರ ಗುರುತಿಸುತ್ತಾರೆ.

ಕನ್ನಡ ಮಾಧ್ಯಮದವರು ಇಲ್ಲಿ ಒಂದು ಅಕ್ಷರದ ಬಗ್ಗೆ ಎಚ್ಚರದಿಂದಿರಬೇಕು. ಹಾಲಿನ ಪ್ರೋಟೀನನ್ನು ಹೆಪ್ಪುಗಟ್ಟಿಸುವ ಜಠರದ ಕಿಣ್ವ ‘ರೆನ್ನಿನ್’. ರಕ್ತದ ಒತ್ತಡಕ್ಕೆ ಸಂಬಂಧಿಸಿದ, ಮೂತ್ರಪಿಂಡದಲ್ಲಿ ತಯಾರಾಗುವ ವಸ್ತು ‘ರೆನಿನ್’. ಒಂದು ಒತ್ತಕ್ಷರ ಮುದ್ರಣದಲ್ಲಿ ಬಿದ್ದುಹೋದರೂ ಅರ್ಥ ಬದಲಾಗುತ್ತದೆ. ಆದ್ದರಿಂದ ಪ್ರಶ್ನೆಯಲ್ಲಿ ಹಾಲು ಇದೆಯೋ ರಕ್ತದೊತ್ತಡವಿದೆಯೋ ಎಂಬುದನ್ನು ನೋಡಿ ಉತ್ತರಿಸಿ.

ಹಂತ 4: ಶೇಂಗಾ ಹಿಂಡಿಯ ಜಾಡು

ಹೆಚ್ಚು ಸಮಯ ಕೊಡಬೇಕಾದ ಹಂತ ಇದು, ಏಕೆಂದರೆ ಪಿತ್ತರಸದ ವಿಷಯದಲ್ಲಿ ಬರುವಷ್ಟು ತಪ್ಪುಗಳು ಬೇರೆಲ್ಲೂ ಬರುವುದಿಲ್ಲ.

ಪ್ರಶ್ನೆ 9. ಕಿಣ್ವಗಳಿಲ್ಲದ ಜೀರ್ಣರಸ ಯಾವುದು?

ಉತ್ತರ: ಪಿತ್ತರಸ. ಅದರಲ್ಲಿ ಪಿತ್ತಲವಣಗಳು, ವರ್ಣಕಗಳು, ಕೊಲೆಸ್ಟೆರಾಲ್ ಮತ್ತು ಬೈಕಾರ್ಬೋನೇಟ್ ಇರುತ್ತವೆ.

ಗದಗ ಕಡೆಯ ಹಳ್ಳಿಯಿಂದ ಬಂದ ಒಬ್ಬ ಅಭ್ಯರ್ಥಿ ಈ ಉತ್ತರ ಕೇಳಿದ ಕೂಡಲೇ ಎದ್ದುನಿಂತು, “ಸರ್, ಕಿಣ್ವನ ಇಲ್ಲಾಂದ್ರ ಅದು ಜೀರ್ಣರಸ ಹೆಂಗ ಆಕ್ಕೈತ್ರಿ?” ಎಂದು ಕೇಳಿದ. ಕೇಳಲೇಬೇಕಾದ ಪ್ರಶ್ನೆ ಅದು. ಉತ್ತರ ಮುಂದಿನ ಪ್ರಶ್ನೆಯಲ್ಲಿದೆ.

ಪ್ರಶ್ನೆ 10. ಕೊಬ್ಬಿನ ಜೀರ್ಣಕ್ರಿಯೆಯಲ್ಲಿ ಪಿತ್ತರಸ ಮಾಡುವ ಕೆಲಸವನ್ನು ವಿವರಿಸಿ.

ಉತ್ತರ: ಕೊಬ್ಬು ನೀರಿನಲ್ಲಿ ಬೆರೆಯದೆ ದೊಡ್ಡ ಹನಿಗಳಾಗಿ ತೇಲುತ್ತದೆ. ಅದನ್ನು ಒಡೆಯುವ ಲೈಪೇಸ್ ಕಿಣ್ವವು ನೀರಿನ ಕಡೆ ಇರುವುದರಿಂದ ಹನಿಯ ಹೊರಮೈಯಲ್ಲಿ ಮಾತ್ರ ಕೆಲಸ ಮಾಡಬಲ್ಲದು. ಪಿತ್ತಲವಣಗಳು ದೊಡ್ಡ ಹನಿಗಳನ್ನು ಅತಿ ಸಣ್ಣ ಹನಿಗಳಾಗಿ ಬಿಡಿಸಿ, ಅವು ಮತ್ತೆ ಒಂದಾಗದಂತೆ ತಡೆಯುತ್ತವೆ. ಇದಕ್ಕೆ ಎಮಲ್ಸೀಕರಣ ಎನ್ನುತ್ತಾರೆ. ಪಿತ್ತರಸವು ಪ್ರತ್ಯಾಮ್ಲೀಯವಾದ್ದರಿಂದ, ಜಠರದಿಂದ ಆಮ್ಲದೊಂದಿಗೆ ಬಂದ ಆಹಾರವನ್ನು ತಟಸ್ಥಗೊಳಿಸಲೂ ನೆರವಾಗುತ್ತದೆ. ಆ ಕೆಲಸದ ದೊಡ್ಡ ಪಾಲನ್ನು ಮೇದೋಜೀರಕ ರಸ ಮಾಡುತ್ತದೆ.

ಸಣ್ಣ ಹನಿಯಿಂದ ಆಗುವ ಲಾಭವನ್ನು ಒಂದು ಲೆಕ್ಕದಿಂದ ನೋಡಬಹುದು. ಲೆಕ್ಕ ಸುಲಭವಾಗಲೆಂದು ಹನಿಯ ಬದಲು 1 ಸೆಂಟಿಮೀಟರ್ ಬದಿಯ ಘನವನ್ನು ತೆಗೆದುಕೊಳ್ಳೋಣ. ಅದಕ್ಕೆ ಆರು ಮುಖಗಳು, ಒಟ್ಟು ಹೊರಮೈ 6 ಚದರ ಸೆಂಟಿಮೀಟರ್. ಅದನ್ನೇ 1 ಮಿಲಿಮೀಟರ್ ಬದಿಯ ಘನಗಳಾಗಿ ಕತ್ತರಿಸಿದರೆ 1000 ತುಂಡುಗಳಾಗುತ್ತವೆ. ಪ್ರತಿ ತುಂಡಿನ ಹೊರಮೈ 6 ಚದರ ಮಿಲಿಮೀಟರ್, ಒಟ್ಟು 6000 ಚದರ ಮಿಲಿಮೀಟರ್, ಅಂದರೆ 60 ಚದರ ಸೆಂಟಿಮೀಟರ್. ಕೊಬ್ಬು ಅಷ್ಟೇ ಇದೆ, ಲೈಪೇಸ್‌ಗೆ ಸಿಗುವ ಜಾಗ ಹತ್ತು ಪಟ್ಟಾಯಿತು. ಪಿತ್ತಲವಣಗಳು ಮಾಡುವ ಹನಿಗಳು ಇದಕ್ಕಿಂತ ಎಷ್ಟೋ ಸಣ್ಣವು. ತಟ್ಟೆಯ ಎಣ್ಣೆ ಜಿಡ್ಡಿನ ಮೇಲೆ ಪಾತ್ರೆ ತೊಳೆಯುವ ಸೋಪು ಮಾಡುವ ಕೆಲಸವೂ ಇದೇ ತರಹದ್ದು.

ಈಗ ನಾನು ತಿದ್ದಿದ ಒಂದು ಉತ್ತರವನ್ನು ನೋಡಿ. ಪ್ರಶ್ನೆ ಮೂರು ಅಂಕದ್ದು: ‘ಸಣ್ಣ ಕರುಳಿನಲ್ಲಿ ಕೊಬ್ಬು ಹೇಗೆ ಜೀರ್ಣವಾಗುತ್ತದೆ?’ ಅಭ್ಯರ್ಥಿ ಬರೆದದ್ದು ಹೀಗಿತ್ತು: ‘ಪಿತ್ತಕೋಶದಲ್ಲಿ ಉತ್ಪತ್ತಿಯಾದ ಪಿತ್ತರಸವು ಕೊಬ್ಬನ್ನು ಕೊಬ್ಬಿನಾಮ್ಲ ಮತ್ತು ಗ್ಲಿಸರಾಲ್ ಆಗಿ ವಿಭಜಿಸುತ್ತದೆ. ಬಳಿಕ ಲೈಪೇಸ್ ಅದನ್ನು ಹೀರಿಕೊಳ್ಳುತ್ತದೆ.’ ಇದರಲ್ಲಿ ಮೂರು ತಪ್ಪುಗಳಿವೆ. ಪಿತ್ತರಸ ಉತ್ಪತ್ತಿಯಾಗುವುದು ಯಕೃತ್ತಿನಲ್ಲಿ. ಪಿತ್ತರಸ ಕೊಬ್ಬಿನ ಹನಿಯನ್ನು ಸಣ್ಣದಾಗಿಸುತ್ತದೆಯೇ ಹೊರತು ಕೊಬ್ಬಿನ ಅಣುವನ್ನು ಒಡೆಯುವುದಿಲ್ಲ. ಕಿಣ್ವ ಒಡೆಯುತ್ತದೆ, ಹೀರಿಕೊಳ್ಳುವುದು ಕರುಳಿನ ಗೋಡೆ. ತಿದ್ದಿದ ಉತ್ತರ ಹೀಗಾಗುತ್ತದೆ: ‘ಯಕೃತ್ತಿನಲ್ಲಿ ಉತ್ಪತ್ತಿಯಾಗಿ ಪಿತ್ತಕೋಶದಲ್ಲಿ ಸಂಗ್ರಹವಾದ ಪಿತ್ತರಸವು ಸಣ್ಣ ಕರುಳಿಗೆ ಬಂದು, ಕೊಬ್ಬಿನ ದೊಡ್ಡ ಹನಿಗಳನ್ನು ಎಮಲ್ಸೀಕರಣದಿಂದ ಸಣ್ಣ ಹನಿಗಳನ್ನಾಗಿ ಮಾಡುತ್ತದೆ. ಮೇದೋಜೀರಕ ರಸದ ಲೈಪೇಸ್ ಈ ಹನಿಗಳ ಮೇಲೆ ಕೆಲಸ ಮಾಡಿ ಕೊಬ್ಬನ್ನು ಕೊಬ್ಬಿನಾಮ್ಲ ಮತ್ತು ಗ್ಲಿಸರಾಲ್ ಆಗಿ ಒಡೆಯುತ್ತದೆ. ಇವನ್ನು ಸಣ್ಣ ಕರುಳಿನ ವಿಲ್ಲೈಗಳು ಹೀರಿಕೊಳ್ಳುತ್ತವೆ.’

ಪ್ರಶ್ನೆ 11. ಪಿತ್ತಕೋಶವನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದರೆ ಕೊಬ್ಬಿನ ಜೀರ್ಣಕ್ರಿಯೆ ನಿಲ್ಲುತ್ತದೆಯೇ?

ಉತ್ತರ: ನಿಲ್ಲುವುದಿಲ್ಲ. ಯಕೃತ್ತು ಪಿತ್ತರಸವನ್ನು ತಯಾರಿಸುತ್ತಲೇ ಇರುತ್ತದೆ, ಅದು ನೇರವಾಗಿ ಕರುಳಿಗೆ ಹರಿಯುತ್ತದೆ. ಪಿತ್ತಕೋಶವಿದ್ದಾಗ ರಸವು ಅಲ್ಲಿ ಗಟ್ಟಿಗೊಂಡು, ಕೊಬ್ಬಿನ ಊಟ ಕರುಳಿಗೆ ಬಂದ ಸಮಯಕ್ಕೆ ಒಮ್ಮೆಲೇ ಹೊರಬೀಳುತ್ತದೆ. ಆ ಸೌಲಭ್ಯ ಇಲ್ಲದಿರುವುದರಿಂದ ಕೆಲವರಿಗೆ ಜಿಡ್ಡಿನ ಊಟ ಸ್ವಲ್ಪ ಕಾಲ ಒಗ್ಗದಿರಬಹುದು.

ಪ್ರಶ್ನೆ 12. ಕಾಮಾಲೆಯಲ್ಲಿ ಕಣ್ಣು ಹಳದಿಯಾಗುವುದೇಕೆ?

ಉತ್ತರ: ಹಳೆಯ ಕೆಂಪು ರಕ್ತಕಣಗಳು ಒಡೆದಾಗ ಅವುಗಳ ಹಿಮೋಗ್ಲೋಬಿನ್‌ನಿಂದ ಬಿಲಿರುಬಿನ್ ಎಂಬ ಹಳದಿ ವರ್ಣಕ ಉಂಟಾಗುತ್ತದೆ. ಯಕೃತ್ತು ಅದನ್ನು ಪಿತ್ತರಸದ ಮೂಲಕ ಹೊರಹಾಕುತ್ತದೆ. ಯಕೃತ್ತು ಕೆಟ್ಟಾಗ, ಪಿತ್ತನಾಳ ಮುಚ್ಚಿದಾಗ ಅಥವಾ ರಕ್ತಕಣಗಳು ಅತಿಯಾಗಿ ಒಡೆದಾಗ ಅದು ರಕ್ತದಲ್ಲಿ ಉಳಿದು ಕಣ್ಣು ಮತ್ತು ಚರ್ಮದಲ್ಲಿ ಕಾಣಿಸುತ್ತದೆ. ನಾಳ ಮುಚ್ಚಿದ್ದರೆ ವರ್ಣಕವು ಕರುಳಿಗೆ ಬಾರದ ಕಾರಣ ಮಲವು ಜೇಡಿಮಣ್ಣಿನಂತೆ ಬಿಳಚಿಕೊಳ್ಳುತ್ತದೆ. ಅಂದಹಾಗೆ, ಹುಳಿ ತೇಗು ಬಂದಾಗ ನಾವು ‘ಪಿತ್ತ ಆಗಿದೆ’ ಎನ್ನುತ್ತೇವೆ. ಆ ಹುಳಿ ಜಠರದ ಆಮ್ಲದ್ದು. ಪಿತ್ತರಸದ ರುಚಿ ಕಹಿ, ಬಣ್ಣ ಹಸಿರು ಮಿಶ್ರಿತ ಹಳದಿ. ಆಡುಮಾತಿನ ಅರ್ಥವನ್ನು ಉತ್ತರ ಪತ್ರಿಕೆಗೆ ತರಬೇಡಿ.

ಹಂತ 5: ಮೂರೂ ಜಾಡುಗಳು ಸೇರುವ ಜಾಗ

ಪ್ರಶ್ನೆ 13. ಸಣ್ಣ ಕರುಳಿನಲ್ಲಿ ಹೀರಲ್ಪಟ್ಟ ಗ್ಲೂಕೋಸ್ ಮತ್ತು ಕೊಬ್ಬು ಒಂದೇ ದಾರಿಯಲ್ಲಿ ಹೋಗುತ್ತವೆಯೇ?

ಉತ್ತರ: ಇಲ್ಲ. ಸಣ್ಣ ಕರುಳಿನ ಒಳಗೋಡೆಯಲ್ಲಿ ವಿಲ್ಲೈ ಎಂಬ ಬೆರಳಿನಾಕಾರದ ಅಸಂಖ್ಯ ರಚನೆಗಳಿವೆ. ಪ್ರತಿಯೊಂದರೊಳಗೆ ರಕ್ತದ ಲೋಮನಾಳಗಳೂ ನಡುವೆ ಒಂದು ದುಗ್ಧನಾಳವೂ ಇರುತ್ತವೆ. ಗ್ಲೂಕೋಸ್ ಮತ್ತು ಅಮೈನೋ ಆಮ್ಲಗಳು ಲೋಮನಾಳಗಳಿಗೆ ಸೇರಿ, ಅಲ್ಲಿಂದ ಯಕೃತ್ತಿನ ಪೋರ್ಟಲ್ ಅಭಿಧಮನಿಯ ಮೂಲಕ ಮೊದಲು ಯಕೃತ್ತಿಗೆ ಹೋಗುತ್ತವೆ. ಕೊಬ್ಬಿನ ಬಹುಭಾಗವು ದುಗ್ಧನಾಳಕ್ಕೆ ಸೇರಿ, ಯಕೃತ್ತಿಗೆ ಮೊದಲು ಹೋಗದೆ, ಹೃದಯಕ್ಕೆ ಹತ್ತಿರದ ಅಭಿಧಮನಿಯಲ್ಲಿ ರಕ್ತವನ್ನು ಕೂಡಿಕೊಳ್ಳುತ್ತದೆ.

ಪ್ರಶ್ನೆ 14. ಸಣ್ಣ ಕರುಳಿನ ಉದ್ದ ಎಷ್ಟು?

ಉತ್ತರ: ಹಳೆಯ 7ನೇ ತರಗತಿಯ ಪುಸ್ತಕದಲ್ಲಿ ಸುಮಾರು 7.5 ಮೀಟರ್ ಎಂದಿದೆ, ಅನೇಕ ಪುಸ್ತಕಗಳಲ್ಲಿ ಸುಮಾರು 6 ಮೀಟರ್ ಎಂದಿದೆ. ಜೀವಂತ ದೇಹದಲ್ಲಿ ಸ್ನಾಯುಗಳು ಬಿಗಿಯಾಗಿರುವುದರಿಂದ ಅಳತೆ ಇನ್ನೂ ಕಡಿಮೆ ಬರುತ್ತದೆ. ಎರಡೂ ಸಂಖ್ಯೆಗಳು ಆಯ್ಕೆಯಲ್ಲಿ ಒಟ್ಟಿಗೆ ಬರುವುದು ಅಪರೂಪ, ಇದ್ದುದನ್ನು ಗುರುತಿಸಿ. ದೊಡ್ಡ ಕರುಳು ಸುಮಾರು 1.5 ಮೀಟರ್. ಅದನ್ನು ‘ದೊಡ್ಡ’ ಎನ್ನುವುದು ಅಗಲಕ್ಕೆ, ಉದ್ದಕ್ಕಲ್ಲ.

ಹಂತ 6: ಉಳಿದದ್ದು

ಪ್ರಶ್ನೆ 15. ದೊಡ್ಡ ಕರುಳಿನ ಮುಖ್ಯ ಕೆಲಸ ಯಾವುದು?

ಉತ್ತರ: ಉಳಿದ ನೀರು ಮತ್ತು ಕೆಲವು ಲವಣಗಳನ್ನು ಹೀರಿಕೊಂಡು ಮಲವನ್ನು ರೂಪಿಸುವುದು. ಒಟ್ಟಾರೆ ನೀರಿನ ಹೆಚ್ಚಿನ ಪಾಲನ್ನು ಸಣ್ಣ ಕರುಳೇ ಹೀರಿರುತ್ತದೆ ಎಂಬುದನ್ನು ಮರೆಯಬೇಡಿ.

ಪ್ರಶ್ನೆ 16. ಜೋಳದ ಕಾಳು ನಮಗೆ ಆಹಾರವಾಗುತ್ತದೆ, ಅದೇ ಜೋಳದ ಕಣಕಿ ಎತ್ತಿಗೆ ಮಾತ್ರ ಆಹಾರವಾಗುತ್ತದೆ. ಏಕೆ?

ಉತ್ತರ: ಕಾಳಿನ ಪಿಷ್ಟವೂ ಕಣಕಿಯ ಸೆಲ್ಯುಲೋಸೂ ಗ್ಲೂಕೋಸ್ ಅಣುಗಳ ಸರಪಳಿಗಳೇ. ವ್ಯತ್ಯಾಸವಿರುವುದು ಕೊಂಡಿ ಹಾಕಿದ ಬಗೆಯಲ್ಲಿ. ನಮ್ಮ ಅಮೈಲೇಸ್ ಪಿಷ್ಟದ ಕೊಂಡಿಯನ್ನು ಬಿಡಿಸಬಲ್ಲದು, ಸೆಲ್ಯುಲೋಸಿನ ಕೊಂಡಿಯನ್ನು ಬಿಡಿಸಲಾರದು. ಎತ್ತಿನ ದೇಹವೂ ಆ ಕಿಣ್ವವನ್ನು ತಯಾರಿಸುವುದಿಲ್ಲ. ಅದರ ಜಠರದ ಮೊದಲ ಕೋಣೆಯಾದ ರೂಮೆನ್‌ನಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಸೆಲ್ಯುಲೋಸನ್ನು ಒಡೆದುಕೊಡುತ್ತವೆ, ಎತ್ತು ಮೆಲುಕು ಹಾಕಿ ಅವುಗಳ ಕೆಲಸವನ್ನು ಸುಲಭಗೊಳಿಸುತ್ತದೆ. ನಮ್ಮ ರೊಟ್ಟಿಯಲ್ಲಿ ಜೋಳದ ಸಿಪ್ಪೆಯ ಸೆಲ್ಯುಲೋಸೂ ಇರುತ್ತದೆ. ಅದು ಬಾಯಿ, ಜಠರ, ಸಣ್ಣ ಕರುಳುಗಳನ್ನು ಜೀರ್ಣವಾಗದೆ ದಾಟಿ ನಾರಾಗಿ ದೊಡ್ಡ ಕರುಳನ್ನು ಸೇರುತ್ತದೆ, ಅಲ್ಲಿ ನೀರನ್ನು ಹಿಡಿದಿಟ್ಟು ಮಲವನ್ನು ಮೃದುವಾಗಿಡುತ್ತದೆ.